ರೀಹೀಟ್ ಲೆಕ್ಕದಲ್ಲಿ 51% ಬಂದರೆ ತಪ್ಪು ಎಲ್ಲಿದೆ?

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಮೆಕ್ಯಾನಿಕಲ್ ಓದ್ತಿದೀನಿ. ಒಂದು ರೀಹೀಟ್ ಲೆಕ್ಕದಲ್ಲಿ ಸಿಕ್ಕಿಹಾಕ್ಕೊಂಡಿದೀನಿ. ಹಬೆ 80 ಬಾರ್, 500 ಡಿಗ್ರಿಯಲ್ಲಿ ಟರ್ಬೈನ್‌ಗೆ ಹೋಗುತ್ತೆ. 10 ಬಾರ್‌ಗೆ ಇಳಿದ ಮೇಲೆ ಮತ್ತೆ 500 ಡಿಗ್ರಿಗೆ ಕಾಯಿಸ್ತಾರೆ. ಕಂಡೆನ್ಸರ್ 0.1 ಬಾರ್. 10 ಬಾರ್‌ನಲ್ಲಿ hg ಅಂತ 2777 ತಗೊಂಡೆ. ಎಫಿಶಿಯೆನ್ಸಿ 51% ಬಂತು. ಪುಸ್ತಕದಲ್ಲಿ 40.8% ಇದೆ. ಕಾರ್ನೋ ಮಿತಿಗಿಂತ ಕಮ್ಮಿನೇ ಇದೆಯಲ್ಲ, ಮತ್ತೆ ತಪ್ಪೇನು? ಟರ್ಬೈನ್ ಕೆಲಸಕ್ಕೂ ಬಾಯ್ಲರ್ ಶಾಖಕ್ಕೂ ಟೇಬಲ್‌ನಲ್ಲಿ ಯಾವ ಸಂಖ್ಯೆ ತಗೋಬೇಕು?

ಉತ್ತರ: 51 ಅನ್ನುವ ಸಂಖ್ಯೆಯೇ ಅರ್ಧ ಕಥೆ ಹೇಳುತ್ತದೆ. ನಾನು ಹಿಂದಿನಿಂದ ಲೆಕ್ಕ ಹಾಕಿ ನೋಡಿದೆ. ಎರಡು ತಪ್ಪು ಒಟ್ಟಿಗೆ ಆದಾಗ ಮಾತ್ರ ಸರಿಯಾಗಿ 51 ಬರುತ್ತದೆ. ಒಂದು, ನೀವೇ ಹೇಳಿದ ಆ 2777. ಇನ್ನೊಂದನ್ನು ನೀವು ಬರೆದಿಲ್ಲ, ಆದರೆ ನಿಮ್ಮ ಬಾಯ್ಲರ್ ಶಾಖದಲ್ಲಿ ಎರಡನೇ ಸಲ ಕಾಯಿಸಿದ ಶಾಖ ಸೇರಿಲ್ಲ. ಈ ಎರಡು ತಪ್ಪುಗಳನ್ನು ಹಿಡಿಯುವ ದಾರಿ ಬೇರೆ ಬೇರೆ. ಒಂದನ್ನು ಹಿಡಿಯುವ ಪರೀಕ್ಷೆ ಇನ್ನೊಂದನ್ನು ಹಿಡಿಯುವುದಿಲ್ಲ. ಹಾಗಾಗಿ ನಿಧಾನವಾಗಿ ಮೊದಲಿನಿಂದ ಹೋಗೋಣ.

ಮೊದಲು ಬಿಂದುಗಳಿಗೆ ನಂಬರ್ ಕೊಡಿ. 1 ಅಂದರೆ ಹೈ ಪ್ರೆಷರ್ ಟರ್ಬೈನ್‌ನ ಬಾಗಿಲು. 2 ಅದರಿಂದ ಹೊರಬರುವ ಜಾಗ. 3 ಅಂದರೆ ಮತ್ತೆ ಕಾದು ಲೋ ಪ್ರೆಷರ್ ಟರ್ಬೈನ್‌ಗೆ ಬರುವ ಹಬೆ. 4 ಆ ಟರ್ಬೈನ್‌ನ ಹೊರಬಾಗಿಲು. 5 ಕಂಡೆನ್ಸರ್‌ನಿಂದ ಬರುವ ನೀರು. 6 ಪಂಪ್ ದಾಟಿದ ನೀರು. ಮುಂದೆ ಬರುವ h ಎಲ್ಲವೂ ಪ್ರತಿ ಕಿಲೋ ಹಬೆಗೆ ಇಷ್ಟು ಕಿಲೋಜೌಲ್ ಅಂತ ಇಟ್ಟುಕೊಳ್ಳಿ.

ಬಿಂದು 1 ಸುಲಭ. 80 ಬಾರ್‌ನಲ್ಲಿ ನೀರು ಕುದಿಯುವುದು ಸುಮಾರು 295 ಡಿಗ್ರಿಯಲ್ಲಿ. ನಮ್ಮ ಹಬೆ 500 ಡಿಗ್ರಿಯಲ್ಲಿದೆ. ಅಂದರೆ ಇದು ಸೂಪರ್‌ಹೀಟೆಡ್, ಅದರ ಟೇಬಲ್‌ಗೇ ಹೋಗಬೇಕು. ಅಲ್ಲಿ ಸಿಗುವುದು:

```
h1 = 3399.5    s1 = 6.7266
```

ಕೆಲವು ಟೇಬಲ್‌ಗಳಲ್ಲಿ 3398 ಅಂತಿರುತ್ತದೆ. ಅದರಿಂದ ತೊಂದರೆಯಿಲ್ಲ. ಆದರೆ h ಒಂದು ಪುಸ್ತಕದಿಂದ, s ಇನ್ನೊಂದರಿಂದ ತೆಗೆಯಬೇಡಿ. ಹಿಡಿದ ಟೇಬಲ್ಲನ್ನೇ ಕೊನೆಯವರೆಗೂ ಹಿಡಿಯಿರಿ.

ಬಿಂದು 2 ನಿಮ್ಮನ್ನು ಕೆಡವಿದ ಜಾಗ. ಇಲ್ಲಿ ನಮಗೆ ಒತ್ತಡ ಗೊತ್ತು, 10 ಬಾರ್. ತಾಪಮಾನ ಗೊತ್ತಿಲ್ಲ. ಗೊತ್ತಿರುವ ಇನ್ನೊಂದು ವಿಷಯ ಎಂಟ್ರೊಪಿ. ಟರ್ಬೈನ್ ಆದರ್ಶ ಅಂತ ಕೊಟ್ಟಿದ್ದರೆ s2 ಅಂದರೆ s1, ಅಂದರೆ 6.7266. ಈಗ ಹಬೆ ಒದ್ದೆಯಾಗಿದೆಯೋ ಒಣಗಿದೆಯೋ ಅನ್ನುವುದನ್ನು ನೀವು ಊಹಿಸುವ ಹಾಗಿಲ್ಲ, ಟೇಬಲ್ಲನ್ನೇ ಕೇಳಬೇಕು. ಸ್ಯಾಚುರೇಟೆಡ್ ಟೇಬಲ್‌ನಲ್ಲಿ 10 ಬಾರ್ ಸಾಲಿನ ಮೇಲೆ ಬೆರಳಿಟ್ಟು ಬಲಕ್ಕೆ ಬನ್ನಿ. sg ಅನ್ನುವ ಕಾಲಂನಲ್ಲಿ 6.5850 ಇದೆ. ನಮ್ಮ ಹಬೆಯ ಎಂಟ್ರೊಪಿ ಅದಕ್ಕಿಂತ ಜಾಸ್ತಿ. ಅಂದರೆ ಹಬೆ ಆ ಗೆರೆ ದಾಟಿ ಇನ್ನೂ ಸೂಪರ್‌ಹೀಟೆಡ್ ಆಗಿಯೇ ಇದೆ.

ನಿಯಮ ಇಷ್ಟೇ. ಆ ಒತ್ತಡದ sgಗಿಂತ ನಿಮ್ಮ s ಜಾಸ್ತಿ ಇದ್ದರೆ ಸೂಪರ್‌ಹೀಟೆಡ್ ಟೇಬಲ್. sf ಮತ್ತು sg ನಡುವೆ ಇದ್ದರೆ ಒದ್ದೆ ಹಬೆ, ಡ್ರೈನೆಸ್ ಫ್ರಾಕ್ಷನ್ ತೆಗೆಯಬೇಕು. hg ಅನ್ನು ನೇರವಾಗಿ ಬಳಸಬಹುದಾದದ್ದು s ಸರಿಯಾಗಿ sgಗೆ ಸಮನಾದಾಗ ಮಾತ್ರ. ಲೆಕ್ಕದಲ್ಲಿ ಹಾಗಂತ ಹೇಳದೇ ಇದ್ದರೆ ಅಂಥ ಸಂದರ್ಭ ಬಹಳ ಅಪರೂಪ. ಮೈಸೂರಿನಲ್ಲಿ ನನ್ನ ಹತ್ತಿರ ಬರುವ ಹುಡುಗರೂ ಒತ್ತಡ ಮಾತ್ರ ಗೊತ್ತಿರುವ ಕಡೆ ಕೈಗೆ ಮೊದಲು ಸಿಗುವ hg ಬರೆದುಬಿಡುತ್ತಾರೆ. ಒತ್ತಡ ಒಂದರಿಂದಲೇ ಹಬೆಯ ಸ್ಥಿತಿ ಗೊತ್ತಾಗುವುದಿಲ್ಲ. ಎರಡು ವಿಷಯ ಬೇಕೇ ಬೇಕು, ಆ ಎರಡನೆಯದು ಇಲ್ಲಿ ಎಂಟ್ರೊಪಿ.

ಈಗ ಸೂಪರ್‌ಹೀಟೆಡ್ ಟೇಬಲ್‌ನಲ್ಲಿ 10 ಬಾರ್ ಭಾಗಕ್ಕೆ ಹೋಗಿ. 200 ಡಿಗ್ರಿ, 250 ಡಿಗ್ರಿ ಅಂತ ಸಾಲುಗಳಿರುತ್ತವೆ. ತಾಪಮಾನದ ಕಾಲಂ ನೋಡಬೇಡಿ, s ಕಾಲಂ ನೋಡಿ:

```
200 °C    h = 2828.3    s = 6.6956
250 °C    h = 2943.1    s = 6.9265
```

6.7266 ಈ ಎರಡರ ನಡುವೆ, 200ಕ್ಕೆ ತೀರಾ ಹತ್ತಿರದಲ್ಲಿದೆ. ಎಷ್ಟು ದೂರ ಹೋಗಿದೆ ಅನ್ನುವುದನ್ನು ಎಂಟ್ರೊಪಿಯಿಂದ ಅಳೆದು, ಅದೇ ಪಾಲನ್ನು hಗೂ ಹಾಕಬೇಕು:

```
(6.7266 − 6.6956) / (6.9265 − 6.6956) = 0.134
h2 = 2828.3 + 0.134 × (2943.1 − 2828.3) = 2843.7
```

ತಾಪಮಾನ ಬೇಕಿದ್ದರೆ ಅದೇ 0.134 ಅನ್ನು 50 ಡಿಗ್ರಿಗೆ ಹಾಕಿ. ಸುಮಾರು 207 ಡಿಗ್ರಿ ಬರುತ್ತದೆ. 10 ಬಾರ್‌ನ ಕುದಿಯುವ ಬಿಂದು ಸುಮಾರು 180. ಹಬೆ ಅದಕ್ಕಿಂತ 27 ಡಿಗ್ರಿ ಮೇಲಿದೆ, ಅಂದರೆ ಸೂಪರ್‌ಹೀಟೆಡ್ ಅಂದುಕೊಂಡಿದ್ದು ಸರಿ.

ಇಂಟರ್‌ಪೊಲೇಷನ್ ಮಾಡುವಾಗ ಒಂದು ಎಚ್ಚರ. ಹತ್ತಿರದ ಸಾಲು 200, ಅದನ್ನೇ ತಗೊಂಡ್ರೆ ಸಾಕಲ್ಲ ಅನ್ನಿಸಬಹುದು. ಆಗ h2 2828.3 ಆಗುತ್ತದೆ, ಅಂದರೆ 15 ಕಿಲೋಜೌಲ್ ತಪ್ಪು. ಹೈ ಪ್ರೆಷರ್ ಟರ್ಬೈನ್‌ನ ಕೆಲಸವೇ 556. ಅದರಲ್ಲಿ 15 ಸಣ್ಣದಲ್ಲ.

ಬಿಂದು 3ಕ್ಕೆ ಯೋಚನೆ ಬೇಡ. ಒತ್ತಡ 10 ಬಾರ್, ತಾಪಮಾನ 500, ಎರಡೂ ಕೊಟ್ಟಿದ್ದಾರೆ:

```
h3 = 3479.1    s3 = 7.7642
```

ಇಲ್ಲಿ s ಬದಲಾಗಿದೆ, ಗಮನಿಸಿ. ಹಬೆ ಮತ್ತೆ ಬಾಯ್ಲರ್‌ಗೆ ಹೋಗಿ ಶಾಖ ತಗೊಂಡು ಬಂದಿದೆ. ಹಳೇ 6.7266 ಅನ್ನು ಮುಂದಕ್ಕೆ ಎಳೆದುಕೊಂಡು ಹೋದರೆ ನೀವು ರೀಹೀಟ್ ಇಲ್ಲದ ಸೈಕಲ್‌ನ ಉತ್ತರ ಬರೆಯುತ್ತಿದ್ದೀರಿ ಅಂತ ಅರ್ಥ.

ಬಿಂದು 4ರಲ್ಲಿ s4 ಅಂದರೆ 7.7642. 0.1 ಬಾರ್‌ನಲ್ಲಿ sf 0.6492, sg 8.1488. ನಮ್ಮದು ನಡುವೆ ಇದೆ. ಹಾಗಾಗಿ ಈ ಸಲ ಹಬೆ ಒದ್ದೆ:

```
x4 = (7.7642 − 0.6492) / 7.4996 = 0.949
h4 = 191.8 + 0.9487 × 2392.1 = 2461.2
```

ಬಿಂದು 5 ಅಂದರೆ 0.1 ಬಾರ್‌ನ hf, 191.8. ಪಂಪ್‌ಗೆ ನೀರಿನ v ಅನ್ನು ಒತ್ತಡದ ವ್ಯತ್ಯಾಸದಿಂದ ಗುಣಿಸಿ. ಬಾರ್ ಅನ್ನು ಕಿಲೋಪಾಸ್ಕಲ್ ಮಾಡಲು ನೂರರಿಂದ ಗುಣಿಸುವುದನ್ನು ಮರೆಯಬೇಡಿ:

```
wp = 0.00101 × (8000 − 10) = 8.1
h6 = 191.8 + 8.1 = 199.9
```

ಪಂಪ್ ಕೆಲಸ 0.08 ಅಂತ ಬಂದರೆ ನೂರು ಬಿಟ್ಟುಹೋಗಿದೆ ಅಂತ ತಿಳಿಯಿರಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಟರ್ಬೈನ್ ಎರಡು, ಹಾಗಾಗಿ ಕೆಲಸವೂ ಎರಡು ತುಂಡು:

```
wT = (3399.5 − 2843.7) + (3479.1 − 2461.2)
   = 555.8 + 1017.9 = 1573.7
```

ಬಾಯ್ಲರ್ ಶಾಖವೂ ಎರಡು ತುಂಡು. ಒಂದು, ಪಂಪ್ ದಾಟಿದ ನೀರನ್ನು 80 ಬಾರ್ ಹಬೆ ಮಾಡಲು ಬೇಕಾದದ್ದು. ಇನ್ನೊಂದು, 2ರಿಂದ 3ಕ್ಕೆ ಏರಿಸಲು ಬೇಕಾದದ್ದು:

```
qin = (3399.5 − 199.9) + (3479.1 − 2843.7)
    = 3199.6 + 635.4 = 3835.0
```

ಈ 635.4 ನಿಮ್ಮ ಹಾಳೆಯಲ್ಲಿ ಕಾಣೆಯಾಗಿದೆ. ಲೋ ಪ್ರೆಷರ್ ಟರ್ಬೈನ್‌ನ 1017.9 ಅನ್ನು ಮಾತ್ರ ಪೂರ್ತಿ ಸೇರಿಸಿಕೊಂಡಿದ್ದೀರಿ. ರೀಹೀಟರ್ ಕೊಳವೆಗಳು ಅದೇ ಬಾಯ್ಲರ್ ಒಳಗೆ, ಅದೇ ಬೆಂಕಿಯ ಬಿಸಿ ಗಾಳಿಯಲ್ಲಿ ಇರುತ್ತವೆ. ಅಲ್ಲಿ ಉರಿಯುವ ಕಲ್ಲಿದ್ದಲಿಗೂ ದುಡ್ಡು ಕೊಟ್ಟಿರುತ್ತಾರೆ. ಸೇರಿಸಿ ನೋಡಿ:

```
η = (1573.7 − 8.1) / 3835.0 = 0.408
```

ಪುಸ್ತಕದ 40.8 ಬಂತು.

ಇನ್ನು ಕಾರ್ನೋ ವಿಷಯ. 500 ಡಿಗ್ರಿ ಮತ್ತು ಕಂಡೆನ್ಸರ್‌ನ 45.8 ಡಿಗ್ರಿ ನಡುವೆ ಕಾರ್ನೋ ಮಿತಿ 58.7%. ನಿಮ್ಮ 51 ಅದರ ಕೆಳಗೇ ಇದೆ ನಿಜ. ಆದರೆ ಆ ಮಿತಿ ಬಹಳ ಎತ್ತರದಲ್ಲಿದೆ, ಸಣ್ಣಪುಟ್ಟ ತಪ್ಪು ಅದಕ್ಕೆ ತಾಗುವುದೇ ಇಲ್ಲ. ಬಾಯ್ಲರ್‌ನಲ್ಲಿ ಎಲ್ಲ ಶಾಖವೂ 500 ಡಿಗ್ರಿಯಲ್ಲಿ ಸೇರುವುದಿಲ್ಲ ಅಲ್ವಾ? ನೀರು 46 ಡಿಗ್ರಿಯಿಂದ ಕಾಯಲು ಶುರುವಾಗಿ, 295ರಲ್ಲಿ ಕುದಿದು, ಕೊನೆಗೆ 500 ಮುಟ್ಟುತ್ತದೆ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ಒಳಗೆ ಬಂದ ಶಾಖದಿಂದ ಕಂಡೆನ್ಸರ್‌ನಲ್ಲಿ ಹೊರಹೋದ ಶಾಖ ಕಳೆದರೆ ನಿವ್ವಳ ಕೆಲಸ ಸಿಗಲೇಬೇಕು. ಕಂಡೆನ್ಸರ್‌ನಲ್ಲಿ ಹೋಗುವುದು 2461.2ರಿಂದ 191.8 ಕಳೆದರೆ 2269.4. ಈಗ 3835.0ರಿಂದ 2269.4 ಕಳೆಯಿರಿ, 1565.6. ಟರ್ಬೈನ್ ಕಡೆಯಿಂದಲೂ ಪಂಪ್ ಕಳೆದು 1565.6 ಬಂದಿತ್ತು. ತಾಳೆಯಾಯಿತು. ನಿಮ್ಮ ಹಾಳೆಯ 3199.6ರಿಂದ 2269.4 ಕಳೆದಿದ್ದರೆ 930 ಬರುತ್ತಿತ್ತು. ಎದುರಿಗೆ ಟರ್ಬೈನ್ ಕೆಲಸ 1600ಕ್ಕೂ ಮೇಲೆ. ಎಲ್ಲೋ ಶಾಖ ಬಿಟ್ಟುಹೋಗಿದೆ ಅಂತ ಆಗಲೇ ಗೊತ್ತಾಗುತ್ತಿತ್ತು.

ಆದರೆ ಈ ಪರೀಕ್ಷೆ ನಿಮ್ಮ ಮೊದಲ ತಪ್ಪನ್ನು ಹಿಡಿಯುವುದಿಲ್ಲ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. h2 ಜಾಗದಲ್ಲಿ 2777.1 ಇಟ್ಟು, ರೀಹೀಟ್ ಶಾಖವನ್ನು ಸರಿಯಾಗಿ ಸೇರಿಸಿ ನೋಡಿ. ಕೆಲಸ 66.6 ಜಾಸ್ತಿಯಾಗುತ್ತದೆ. ರೀಹೀಟ್ ಶಾಖವೂ ಅದೇ 66.6 ಜಾಸ್ತಿಯಾಗುತ್ತದೆ. ಒಳಗೆ, ಹೊರಗೆ, ನಿವ್ವಳ ಎಲ್ಲವೂ ಚೆನ್ನಾಗಿ ತಾಳೆಯಾಗುತ್ತವೆ. ಎಫಿಶಿಯೆನ್ಸಿ ಮಾತ್ರ 41.8 ಅಂತ ಬಂದು ಕೂರುತ್ತದೆ. ಶಕ್ತಿಯ ಲೆಕ್ಕದಲ್ಲಿ h2 ಒಂದು ಕಡೆ ಸೇರಿ ಇನ್ನೊಂದು ಕಡೆ ಕಳೆದುಹೋಗುವುದರಿಂದ ಅದು ಎಷ್ಟೇ ತಪ್ಪಿದ್ದರೂ ಅಲ್ಲಿ ಕಾಣುವುದಿಲ್ಲ.

ಅದನ್ನು ಹಿಡಿಯುವುದು ಎಂಟ್ರೊಪಿ. 10 ಬಾರ್‌ನಲ್ಲಿ hg ತೆಗೆದುಕೊಂಡರೆ ಅದರ ಜೊತೆಗೆ sg, ಅಂದರೆ 6.5850 ಕೂಡ ತೆಗೆದುಕೊಂಡ ಹಾಗೆ. ಒಳಗೆ ಹೋದ ಹಬೆಯದ್ದು 6.7266. ಶಾಖ ಹೊರಗೆ ಸೋರದ ಟರ್ಬೈನ್‌ನಲ್ಲಿ ಹಬೆಯ ಎಂಟ್ರೊಪಿ ಇಳಿಯುವುದು ಸಾಧ್ಯವೇ ಇಲ್ಲ. ಆದ್ದರಿಂದ ಪ್ರತಿ ಬಿಂದುವಿನಲ್ಲಿ h ಬರೆದ ಕೂಡಲೇ ಪಕ್ಕದಲ್ಲಿ s ಕೂಡ ಬರೆಯಿರಿ. 1ರಿಂದ 2ಕ್ಕೆ, 3ರಿಂದ 4ಕ್ಕೆ ಅದು ಕಡಿಮೆಯಾಗಿದ್ದರೆ ಅಲ್ಲೇ ನಿಲ್ಲಿಸಿ ಟೇಬಲ್ ತಿರುಗಿಸಿ.

ಇಷ್ಟೆಲ್ಲ ಮಾಡಿ ರೀಹೀಟ್‌ನಿಂದ ಸಿಕ್ಕಿದ್ದೇನು ಅಂತ ನೋಡುವುದು ಒಳ್ಳೆಯದು. ರೀಹೀಟ್ ಇಲ್ಲದೆ ಅದೇ ಹಬೆಯನ್ನು 80 ಬಾರ್‌ನಿಂದ ನೇರವಾಗಿ 0.1 ಬಾರ್‌ಗೆ ಇಳಿಸಿದ್ದರೆ ಎಫಿಶಿಯೆನ್ಸಿ 39.4% ಇರುತ್ತಿತ್ತು. ಅಂದರೆ ಲಾಭ ಬರೀ ಒಂದೂವರೆ ಪಾಯಿಂಟ್‌ನ ಹತ್ತಿರ. ದೊಡ್ಡ ಬದಲಾವಣೆ ಆಗಿರುವುದು ಕೊನೆಯ ಹಬೆಯಲ್ಲಿ. ರೀಹೀಟ್ ಇಲ್ಲದಿದ್ದರೆ x 0.81, ಅಂದರೆ ಹಬೆಯ ತೂಕದಲ್ಲಿ 19 ಭಾಗ ನೀರು. ಟರ್ಬೈನ್‌ನ ಕೊನೆಯ ಸಾಲಿನ ಬ್ಲೇಡ್‌ಗಳು ಉದ್ದವಾಗಿರುತ್ತವೆ, ತುದಿ ವಿಪರೀತ ವೇಗದಲ್ಲಿ ತಿರುಗುತ್ತದೆ. ಆ ತುದಿಗೆ ನೀರಿನ ಹನಿ ಬಡಿದರೆ ಲೋಹವೇ ಕಿತ್ತುಬರುತ್ತದೆ. ಸಾಮಾನ್ಯವಾಗಿ ನೀರಿನ ಪಾಲು 12% ದಾಟದ ಹಾಗೆ ನೋಡಿಕೊಳ್ಳುತ್ತಾರೆ. ರೀಹೀಟ್ ಮಾಡಿದ ಮೇಲೆ ನಮ್ಮಲ್ಲಿ ಅದು 5%ಗೆ ಇಳಿಯಿತು. ಜೊತೆಗೆ ಪ್ರತಿ ಕಿಲೋ ಹಬೆಯಿಂದ ಸಿಗುವ ನಿವ್ವಳ ಕೆಲಸ 1261ರಿಂದ 1566ಕ್ಕೆ ಏರಿತು. ಅಷ್ಟೇ ವಿದ್ಯುತ್ತಿಗೆ ಕಡಿಮೆ ಹಬೆ ಸಾಕು.

ಎಫಿಶಿಯೆನ್ಸಿ ಅಷ್ಟಾದರೂ ಏಕೆ ಏರಿತು ಅನ್ನುವುದಕ್ಕೂ ಉತ್ತರ ನಿಮ್ಮ ಟೇಬಲ್‌ನಲ್ಲೇ ಇದೆ. ಶಾಖವನ್ನು ಎಂಟ್ರೊಪಿಯ ಏರಿಕೆಯಿಂದ ಭಾಗಿಸಿದರೆ ಅದು ಸರಾಸರಿ ಯಾವ ತಾಪಮಾನದಲ್ಲಿ ಸೇರಿತು ಅಂತ ಗೊತ್ತಾಗುತ್ತದೆ. ಮೊದಲ ಸಲದ 3199.6 ಅನ್ನು 6.0774ರಿಂದ ಭಾಗಿಸಿದರೆ 526 ಕೆಲ್ವಿನ್. ಎರಡನೇ ಸಲದ 635.4 ಅನ್ನು 1.0376ರಿಂದ ಭಾಗಿಸಿದರೆ 612 ಕೆಲ್ವಿನ್. ಎರಡನೇ ಸಲದ ಶಾಖ ಇನ್ನೂ ಬಿಸಿಯಾದ ಜಾಗದಲ್ಲಿ ಸೇರಿದೆ, ಹಾಗಾಗಿ ಒಟ್ಟು ಸರಾಸರಿ ಮೇಲೇರಿತು. ರೀಹೀಟ್ ಒತ್ತಡವನ್ನು ತೀರಾ ಕೆಳಗಿಟ್ಟರೆ ಈ ಎರಡನೇ ಸಂಖ್ಯೆ 526ಕ್ಕಿಂತ ಕೆಳಗೆ ಬೀಳಬಹುದು. ಆಗ ಹಬೆ ಒಣಗುತ್ತದೆ, ಎಫಿಶಿಯೆನ್ಸಿ ಮಾತ್ರ ಇಳಿಯುತ್ತದೆ. ನಿಮಗೆ ಬಿಡುವಿದ್ದರೆ ಇದೇ ಲೆಕ್ಕವನ್ನು 20 ಬಾರ್ ರೀಹೀಟ್‌ಗೆ ಮಾಡಿ ನೋಡಿ. ಎಫಿಶಿಯೆನ್ಸಿ 41.0 ಹತ್ತಿರ ಬರುತ್ತದೆ, x 0.905ಕ್ಕೆ ಇಳಿಯುತ್ತದೆ. ಒಂದು ಸ್ವಲ್ಪ ಏರಿದರೆ ಇನ್ನೊಂದು ಇಳಿಯುತ್ತದೆ, ವಿನ್ಯಾಸ ಮಾಡುವವರು ಇವೆರಡನ್ನೂ ತೂಗಿ ಒತ್ತಡ ಆರಿಸುತ್ತಾರೆ.

ಮಂಡ್ಯದಲ್ಲಿರುವುದರಿಂದ ನೀವು ಸಕ್ಕರೆ ಕಾರ್ಖಾನೆಯ ಟರ್ಬೈನ್ ನೋಡಿರಬಹುದು, ಇಲ್ಲವೇ ಮುಂದೆ ನೋಡುತ್ತೀರಿ. ಅಲ್ಲಿ ರೀಹೀಟರ್ ಹುಡುಕಬೇಡಿ. ಕಬ್ಬಿನ ಸಿಪ್ಪೆ ಉರಿಸಿ ಮಾಡಿದ ಹಬೆ ಟರ್ಬೈನ್ ತಿರುಗಿಸಿದ ಮೇಲೆ, ಅದರ ಬಹುಪಾಲನ್ನು ಎರಡು ಮೂರು ಬಾರ್‌ನಲ್ಲೇ ಹೊರತೆಗೆದು ಕಬ್ಬಿನ ಹಾಲು ಕಾಯಿಸಲು ಕಳಿಸುತ್ತಾರೆ. ಆ ಹಬೆ ಕಂಡೆನ್ಸರ್‌ವರೆಗೆ ಇಳಿಯುವುದೇ ಇಲ್ಲ, ಅಷ್ಟು ಒದ್ದೆಯೂ ಆಗುವುದಿಲ್ಲ. ಮತ್ತೆ ಕಾಯಿಸುವ ಖರ್ಚು ಅಲ್ಲಿ ದಂಡ. ರೀಹೀಟ್ ನೋಡಬೇಕಾದರೆ ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಡೆ ಹೋಗಬೇಕು. ಅಲ್ಲಿನ 210 ಮೆಗಾವ್ಯಾಟ್ ಘಟಕಗಳಲ್ಲಿ ಹೈ ಪ್ರೆಷರ್ ಸಿಲಿಂಡರ್‌ನಿಂದ ಬಾಯ್ಲರ್‌ಗೆ ವಾಪಸ್ ಹೋಗುವ ಪೈಪಿಗೆ ಕೋಲ್ಡ್ ರೀಹೀಟ್ ಅಂತಾರೆ, ಕಾದು ಬರುವ ಪೈಪಿಗೆ ಹಾಟ್ ರೀಹೀಟ್ ಅಂತಾರೆ. ನಮ್ಮ ಬಿಂದು 2 ಮತ್ತು 3 ಅವೇ. ಆ ಉದ್ದದ ಪೈಪು, ಕೊಳವೆ ದಾಟುವಾಗ ಒತ್ತಡ ಸ್ವಲ್ಪ ಬೀಳುತ್ತದೆ. ಪುಸ್ತಕದ ಲೆಕ್ಕ ಅದನ್ನು ಬಿಟ್ಟುಬಿಡುತ್ತದೆ.

ಪರೀಕ್ಷೆಯಲ್ಲಿ ಮುಂದಿನ ಸಾಲು ಹೆಚ್ಚಾಗಿ ಹೀಗಿರುತ್ತದೆ: ಎರಡೂ ಟರ್ಬೈನ್‌ಗಳ ಐಸೆಂಟ್ರೊಪಿಕ್ ಎಫಿಶಿಯೆನ್ಸಿ 85%. ಆಗ ಅನೇಕರು ಒಟ್ಟು ಕೆಲಸವನ್ನು 0.85ರಿಂದ ಗುಣಿಸಿ, ಬಾಯ್ಲರ್ ಶಾಖವನ್ನು ಹಾಗೇ ಬಿಡುತ್ತಾರೆ. ಅದು ತಪ್ಪು, ಏಕೆಂದರೆ ಹೈ ಪ್ರೆಷರ್ ಟರ್ಬೈನ್ ಕಡಿಮೆ ಕೆಲಸ ಮಾಡಿದರೆ ಅದರಿಂದ ಹೊರಬರುವ ಹಬೆ ಜಾಸ್ತಿ ಬಿಸಿಯಾಗಿರುತ್ತದೆ:

```
h2 = 3399.5 − 0.85 × 555.8 = 2927.1
```

ಹಾಗಾಗಿ ರೀಹೀಟರ್‌ಗೆ ಬೇಕಾದ ಶಾಖ 635.4ರಿಂದ 552.0ಕ್ಕೆ ಇಳಿಯುತ್ತದೆ. ಬಿಂದು 3 ಬದಲಾಗುವುದಿಲ್ಲ, ಏಕೆಂದರೆ ಅಲ್ಲಿ ಒತ್ತಡ, ತಾಪಮಾನ ಎರಡೂ ಅವೇ. ಲೋ ಪ್ರೆಷರ್ ಕಡೆ:

```
h4 = 3479.1 − 0.85 × 1017.9 = 2613.9
```

ಇದರಿಂದ x ತೆಗೆಯಲು ಹೋದರೆ 1.01 ಬರುತ್ತದೆ. ಡ್ರೈನೆಸ್ ಫ್ರಾಕ್ಷನ್ ಒಂದನ್ನು ದಾಟುವಂತಿಲ್ಲ. ಆದರೆ ಇಲ್ಲಿ ಲೆಕ್ಕ ತಪ್ಪಿಲ್ಲ, ಟೇಬಲ್ ತಪ್ಪು ತೆರೆದಿದ್ದೀರಿ ಅಷ್ಟೇ. 0.1 ಬಾರ್‌ನ hg 2583.9, ನಮ್ಮ h4 ಅದಕ್ಕಿಂತ ಮೇಲಿದೆ. ಹಬೆ ಸೂಪರ್‌ಹೀಟೆಡ್ ಆಗಿಯೇ ಹೊರಬಂದಿದೆ. ಸೂಪರ್‌ಹೀಟೆಡ್ ಟೇಬಲ್‌ನಲ್ಲಿ 0.1 ಬಾರ್ ಭಾಗದ 50 ಮತ್ತು 100 ಡಿಗ್ರಿ ಸಾಲುಗಳ ನಡುವೆ ನೋಡಿದರೆ ಅದು ಸುಮಾರು 61 ಡಿಗ್ರಿಯಲ್ಲಿರುವುದು ಗೊತ್ತಾಗುತ್ತದೆ. x ಅಂತ ಬರೆಯುವ ಬದಲು ಆ ತಾಪಮಾನ ಬರೆಯಿರಿ. h4 ಮಾತ್ರ 2613.9 ಆಗಿಯೇ ಇರಲಿ, ಅದನ್ನು hgಗೆ ಇಳಿಸಬೇಡಿ. ಟರ್ಬೈನ್ ಕೆಲಸ 1337.6, ಬಾಯ್ಲರ್ ಶಾಖ 3751.6, ಎಫಿಶಿಯೆನ್ಸಿ 35.4% ಬರಬೇಕು. ಕಂಡೆನ್ಸರ್‌ನಲ್ಲಿ ಹೋಗುವ ಶಾಖ 2422.1. 3751.6ರಿಂದ ಅದನ್ನು ಕಳೆದು, ಪಂಪ್ ತೆಗೆದ ಟರ್ಬೈನ್ ಕೆಲಸಕ್ಕೆ ತಾಳೆ ನೋಡಿಕೊಳ್ಳಿ.